‘ಒಪ್ಪಿದೆ’ ಒತ್ತಿದರೆ, ಚಾಟ್‌ನಲ್ಲಿ ‘ಓಕೆ’ ಎಂದರೆ: ಆನ್‌ಲೈನ್ ಕರಾರು ಯಾವಾಗ ನಮ್ಮನ್ನು ಕಟ್ಟಿಹಾಕುತ್ತದೆ?

ಆ್ಯಪ್ ಹಾಕಿಕೊಳ್ಳುವಾಗ ಬರುವ ಉದ್ದುದ್ದ ಷರತ್ತುಗಳನ್ನು ಹೆಚ್ಚಿನವರು ಓದುವುದಿಲ್ಲ. ಓದದೆ ಒತ್ತಿದ್ದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ ಎಂದು ಕೆಲವರು ನಂಬಿದ್ದಾರೆ. ಅದು ತಪ್ಪು. ಇನ್ನು ಕೆಲವರು ‘ಒತ್ತಿಯಾಯ್ತಲ್ಲ, ಇನ್ನೇನು ಮಾಡೋಕಾಗುತ್ತೆ’ ಎಂದು ಕೈಚೆಲ್ಲುತ್ತಾರೆ. ಅದೂ ತಪ್ಪು. ಒತ್ತಿದ ಮೇಲೂ ಹಲವು ಷರತ್ತುಗಳು ನಿಲ್ಲುವುದಿಲ್ಲ. ಇತ್ತ ಬಟನ್ನೇ ಇಲ್ಲದ ವಾಟ್ಸ್‌ಆ್ಯಪ್ ಚಾಟ್‌ನಲ್ಲಿ ಪಕ್ಕಾ ಕರಾರು ಆಗಿಬಿಟ್ಟಿರುತ್ತದೆ, ಆಡಿದವರಿಗೇ ಅದು ಗೊತ್ತಿರುವುದಿಲ್ಲ.

ಭಾರತದಲ್ಲಿ ಇದಕ್ಕೆ ಎರಡು ಕಾಯ್ದೆಗಳು ಬುನಾದಿ. ಮೊದಲನೆಯದು 1872ರ ಕರಾರು ಕಾಯ್ದೆ. ಒಬ್ಬರು ಪ್ರಸ್ತಾಪ ಇಡಬೇಕು, ಇನ್ನೊಬ್ಬರು ಅದನ್ನು ಹಾಗೇ ಒಪ್ಪಬೇಕು, ಎರಡೂ ಕಡೆ ಕೊಡು-ಕೊಳ್ಳುವುದು ಏನಾದರೂ ಇರಬೇಕು, ಒಪ್ಪಿಗೆ ಮನಸಾರೆ ಕೊಟ್ಟದ್ದಾಗಿರಬೇಕು ಎಂದು ಅದು ಹೇಳುತ್ತದೆ. ಎರಡನೆಯದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ. ಅದಕ್ಕೆ ಆಮೇಲೆ ಸೇರಿಸಿದ ಸೆಕ್ಷನ್ 10ಎ ಹೇಳುವುದು ಇಷ್ಟೇ: ಪ್ರಸ್ತಾಪ, ಒಪ್ಪಿಗೆ ಎಲೆಕ್ಟ್ರಾನಿಕ್ ರೂಪದಲ್ಲಿ ನಡೆದಿದೆ ಎಂಬ ಒಂದೇ ಕಾರಣಕ್ಕೆ ಕರಾರು ಬಿದ್ದುಹೋಗುವುದಿಲ್ಲ. ಹಾಗೆಂದು ಎಲ್ಲವೂ ಆನ್‌ಲೈನ್‌ನಲ್ಲಿ ಮುಗಿಯುವುದಿಲ್ಲ. ಉಯಿಲನ್ನು ಚಾಟ್‌ನಲ್ಲಿ ಬರೆಯಲಾಗದು. ಚಾಟ್‌ನಲ್ಲಿ ಮಾತು ಮುಗಿದ ಮಾತ್ರಕ್ಕೆ ಸೈಟು, ಮನೆ ನಿಮ್ಮ ಹೆಸರಿಗೆ ಬರುವುದೂ ಇಲ್ಲ, ನೋಂದಣಿ ಆಗಲೇಬೇಕು.

ಹಂತ 1: ಒತ್ತುವ ಮೊದಲು ಪರದೆ ಏನು ತೋರಿಸಿತು ಎಂದು ನೋಡಿ

ನ್ಯಾಯಾಲಯ ಕೇಳುವ ಮೊದಲ ಪ್ರಶ್ನೆ ‘ನೀವು ಓದಿದಿರಾ’ ಎಂಬುದಲ್ಲ. ‘ಓದಲು ಅವಕಾಶ ಇತ್ತಾ, ಒತ್ತಿದರೆ ಒಪ್ಪಿದಂತೆ ಎಂದು ಸಾಮಾನ್ಯರಿಗೆ ಗೊತ್ತಾಗುವಂತಿತ್ತಾ’ ಎಂಬುದು. ಕಾಗದದ ಕಾಲದಲ್ಲೂ ಓದದೆ ಸಹಿ ಹಾಕಿದವರಿಗೆ ರಿಯಾಯಿತಿ ಇರಲಿಲ್ಲ.

ಆದ್ದರಿಂದ ಪರದೆಯನ್ನು ಮೂರು ಗುಂಪಾಗಿ ನೋಡಬೇಕು. ಷರತ್ತುಗಳ ಪಕ್ಕದ ಖಾಲಿ ಚೌಕದಲ್ಲಿ ನೀವೇ ಟಿಕ್ ಹಾಕಿ, ‘ಒಪ್ಪುತ್ತೇನೆ’ ಎಂದು ಒತ್ತಿದ್ದರೆ ಅದು ಗಟ್ಟಿ. ವಕೀಲರು ಇದನ್ನು ಕ್ಲಿಕ್‌ರ‍್ಯಾಪ್ ಎನ್ನುತ್ತಾರೆ. ಎರಡನೆಯದರಲ್ಲಿ ಬರೀ ‘ಖಾತೆ ತೆರೆಯಿರಿ’ ಎಂಬ ಬಟನ್ ಇರುತ್ತದೆ, ಅದರ ಹತ್ತಿರ ‘ಮುಂದುವರಿದರೆ ನಮ್ಮ ಷರತ್ತುಗಳಿಗೆ ಒಪ್ಪಿದಂತೆ’ ಎಂಬ ಸಾಲು ಇರುತ್ತದೆ. ಇದು ಎಷ್ಟು ಗಟ್ಟಿ ಎಂಬುದು ಆ ಸಾಲು ಕಣ್ಣಿಗೆ ಬೀಳುತ್ತಿತ್ತೇ ಎಂಬುದರ ಮೇಲೆ ನಿಂತಿದೆ. ತಿಳಿ ಬೂದು ಬಣ್ಣದ ಸಣ್ಣ ಅಕ್ಷರ, ಲಿಂಕ್ ಎಂದು ಗೊತ್ತಾಗದ ಲಿಂಕ್ ಇದ್ದರೆ ಕಂಪನಿಯ ವಾದ ಸಡಿಲವಾಗುತ್ತದೆ. ಮೂರನೆಯದು ಪುಟದ ತಳದಲ್ಲಿ ಸುಮ್ನೆ ಒಂದು ಲಿಂಕ್ ಹಾಕಿ, ‘ಈ ತಾಣ ನೋಡಿದರೇ ಒಪ್ಪಿದಂತೆ’ ಎನ್ನುವುದು. ಇದು ತೀರಾ ಪೊಳ್ಳು.

ಮೂರನೆಯದು ಯಾಕೆ ಪೊಳ್ಳು ಎಂಬುದಕ್ಕೆ ಅಮೆರಿಕದ ನೆಟ್‌ಸ್ಕೇಪ್ ಪ್ರಕರಣ ಒಳ್ಳೆಯ ಉದಾಹರಣೆ. ಆ ಕಂಪನಿ ಒಂದು ಉಚಿತ ತಂತ್ರಾಂಶ ಕೊಡುತ್ತಿತ್ತು. ಡೌನ್‌ಲೋಡ್ ಬಟನ್ ಪರದೆಯಲ್ಲಿ ಕಾಣುತ್ತಿತ್ತು. ಷರತ್ತುಗಳ ಮಾತು ಬಟನ್‌ಗಿಂತ ಕೆಳಗೆ, ಪುಟ ಸರಿಸಿದರೆ ಮಾತ್ರ ಕಾಣುವ ಜಾಗದಲ್ಲಿತ್ತು. ಜಗಳ ಎದ್ದಾಗ ಕಂಪನಿ ‘ಷರತ್ತಿನ ಪ್ರಕಾರ ಕೋರ್ಟು ಬಿಟ್ಟು ಮಧ್ಯಸ್ಥಿಕೆಗೆ, ಅಂದರೆ ಖಾಸಗಿ ತೀರ್ಪುಗಾರರ ಮುಂದೆ ಬನ್ನಿ’ ಎಂದಿತು. 2002ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಜನ ಒತ್ತಿದ್ದು ತಂತ್ರಾಂಶ ಬೇಕು ಎಂದು. ಕಾಣದ ಷರತ್ತಿಗೆ ಅವರು ಒಪ್ಪಿದ್ದಾರೆ ಎನ್ನಲಾಗದು ಎಂದಿತು. ಅದು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವ ತೀರ್ಪಲ್ಲ. ಆದರೆ ಅದರ ತರ್ಕ ನಮ್ಮ ಕರಾರು ಕಾಯ್ದೆಗೆ ಚೆನ್ನಾಗಿಯೇ ಹೊಂದುತ್ತದೆ. ಗೊತ್ತೇ ಇಲ್ಲದ ಪ್ರಸ್ತಾಪವನ್ನು ಒಪ್ಪುವುದು ಹೇಗೆ ಸಾಧ್ಯ?

ಮೊದಲೇ ಟಿಕ್ ಬಿದ್ದಿರುವ ಚೌಕಗಳ ಬಗ್ಗೆ ನಮ್ಮಲ್ಲಿ ನೇರ ನಿಯಮವೇ ಇದೆ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಖರೀದಿಗೆ ಒಪ್ಪಿಗೆಯನ್ನು ಗ್ರಾಹಕರು ತಾವೇ ಸ್ಪಷ್ಟವಾಗಿ ಕೊಡಬೇಕು. ಮೊದಲೇ ಟಿಕ್ ಹಾಕಿಟ್ಟು ತಾನಾಗಿ ಒಪ್ಪಿಗೆ ದಾಖಲಿಸಿಕೊಳ್ಳುವಂತಿಲ್ಲ. ಬುಟ್ಟಿಗೆ ಗೊತ್ತಿಲ್ಲದಂತೆ ದೇಣಿಗೆ, ವಿಮೆ ಸೇರಿಸುವುದು, ಚಂದಾ ರದ್ದು ಮಾಡಲು ಬಿಡದೆ ಸುತ್ತಿಸುವುದು ಇಂಥ ಯಾಮಾರಿಸುವ ಪರದೆ ವಿನ್ಯಾಸಗಳನ್ನು 2023ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಗಳು ನಿಷೇಧಿಸಿವೆ.

ಹಂತ 2: ಒತ್ತಿದ್ದು ಯಾರು?

ಹದಿನೆಂಟು ತುಂಬದವರು ಮಾಡಿದ ಕರಾರು ಮೊದಲಿನಿಂದಲೇ ಶೂನ್ಯ. 1903ರ ಮೊಹರಿ ಬೀಬಿ ಪ್ರಕರಣದಿಂದ ಇದು ಅಲುಗಾಡಿಲ್ಲ. ಹುಟ್ಟಿದ ವರ್ಷ ಸುಳ್ಳು ಹಾಕಿ ಮಗು ಖಾತೆ ತೆರೆದರೂ ಆ ಕರಾರನ್ನು ಮಗುವಿನ ಮೇಲೆ ಜಾರಿ ಮಾಡಲಾಗದು. ಆದರೆ ಅಪ್ಪನ ಖಾತೆಯಿಂದ, ಅಪ್ಪ ಉಳಿಸಿಟ್ಟ ಕಾರ್ಡ್‌ನಿಂದ ಮಗ ಆಟದ ನಾಣ್ಯ ಕೊಂಡರೆ ಕಂಪನಿ ‘ಖಾತೆ ನಿಮ್ಮದು, ಒಪ್ಪಿಗೆಯೂ ನಿಮ್ಮದೇ’ ಎಂದು ವಾದಿಸುತ್ತದೆ. ಹಾಗಾಗಿ ಅಂಥದ್ದು ಕಂಡ ದಿನವೇ ಬರಹದಲ್ಲಿ ಆಕ್ಷೇಪ ಕಳಿಸಿ. ವಾರಗಟ್ಟಲೆ ಬಿಟ್ಟರೆ ‘ಗೊತ್ತಿದ್ದೂ ಸುಮ್ಮನಿದ್ದಿರಿ’ ಎಂಬ ಮಾತು ಬರುತ್ತದೆ.

ಅಂಗಡಿ, ಕಚೇರಿಯಲ್ಲೂ ಇದೇ ಎಚ್ಚರ ಬೇಕು. ದಿನಾ ನಿಮ್ಮ ಪರವಾಗಿ ಆರ್ಡರ್ ಹಾಕುವ ಹುಡುಗ ಒತ್ತಿದರೆ ನೀವೇ ಒತ್ತಿದಂತೆ. ಯಾಕೆಂದರೆ ಅಧಿಕಾರ ಪಡೆದವರು ಕಳಿಸಿದ ಸಂದೇಶ ಮಾಲೀಕರದ್ದೇ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯೇ ಹೇಳುತ್ತದೆ.

ಹಂತ 3: ಕರಾರು ಆಗಿದ್ದರೂ ಒಂದೊಂದೇ ಷರತ್ತನ್ನು ಜರಡಿ ಹಿಡಿಯಿರಿ

ಒಂದು ಕಲ್ಪಿತ ಉದಾಹರಣೆ ನೋಡೋಣ. ದಾವಣಗೆರೆಯ ತಾಯಿಯೊಬ್ಬರು ಮಗಳಿಗಾಗಿ ಆನ್‌ಲೈನ್ ಟ್ಯೂಷನ್‌ಗೆ 24,000 ರೂಪಾಯಿ ಕಟ್ಟಿದ್ದಾರೆ. ಖಾಲಿ ಚೌಕಕ್ಕೆ ತಾವೇ ಟಿಕ್ ಹಾಕಿದ್ದಾರೆ. ಅಂದರೆ ಕರಾರು ಆಗಿದೆ. ಎರಡನೇ ತಿಂಗಳು ಶಿಕ್ಷಕರು ಬರುವುದು ನಿಂತಿತು. ಷರತ್ತು ತೆರೆದು ನೋಡಿದರೆ ಮೂರು ಸಾಲುಗಳು: ಯಾವ ಕಾರಣಕ್ಕೂ ಹಣ ವಾಪಸ್ ಇಲ್ಲ. ಕಂಪನಿ ಯಾವಾಗ ಬೇಕಾದರೂ ಕಾರಣ ಕೊಡದೆ ಸೇವೆ ನಿಲ್ಲಿಸಬಹುದು. ಜಗಳವಾದರೆ ದೆಹಲಿಯಲ್ಲಿ ಮಧ್ಯಸ್ಥಿಕೆಗೇ ಬರಬೇಕು.

ಮೊದಲ ಸಾಲು ಸೇವೆ ಸರಿಯಾಗಿ ಕೊಟ್ಟಾಗ ನಿಲ್ಲಬಹುದು. ಕೊಡದೇ ಇದ್ದಾಗ ಅದು ಗುರಾಣಿ ಆಗುವುದಿಲ್ಲ. ಸೇವೆಯ ಕೊರತೆಗೆ ಹಣ ಮರಳಿಸಲು ಹೇಳುವ ಅಧಿಕಾರ ಗ್ರಾಹಕ ಆಯೋಗಕ್ಕೆ ಕಾಯ್ದೆಯಿಂದಲೇ ಬಂದಿದೆ. ಎರಡನೆಯದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಅನ್ಯಾಯದ ಕರಾರು’ ಎಂದು ಪಟ್ಟಿ ಮಾಡಿದ್ದರಲ್ಲೇ ಇದೆ. ಒಂದೇ ಕಡೆಯವರು ಸರಿಯಾದ ಕಾರಣವಿಲ್ಲದೆ ಮುರಿಯುವ ಹಕ್ಕು, ನಷ್ಟಕ್ಕೂ ದಂಡಕ್ಕೂ ತಾಳೆಯಿಲ್ಲದ ದಂಡ, ಅತಿಯಾದ ಠೇವಣಿ ಇವೆಲ್ಲ ಆ ಪಟ್ಟಿಯಲ್ಲಿವೆ.

ಇಲ್ಲೊಂದು ಸೂಕ್ಷ್ಮ ಇದೆ. ಒಂದು ಷರತ್ತನ್ನು ಅನ್ಯಾಯದ್ದು ಎಂದು ರದ್ದು ಮಾಡುವ ಅಧಿಕಾರವನ್ನು ಕಾಯ್ದೆ ಕೊಟ್ಟಿರುವುದು ರಾಜ್ಯ ಆಯೋಗಕ್ಕೆ ಮತ್ತು ರಾಷ್ಟ್ರೀಯ ಆಯೋಗಕ್ಕೆ. ಜಿಲ್ಲಾ ಆಯೋಗಕ್ಕೆ ಅಲ್ಲ. ಆದ್ದರಿಂದ ಆ ತಾಯಿ ಜಿಲ್ಲಾ ಆಯೋಗಕ್ಕೆ ಹೋಗುವಾಗ ‘ಈ ಷರತ್ತು ರದ್ದು ಮಾಡಿ’ ಎಂದು ಬರೆಯುವುದಕ್ಕಿಂತ ‘ಸೇವೆ ಕೊಟ್ಟಿಲ್ಲ, ಇದು ಕೊರತೆ, ಹಣ ಕೊಡಿಸಿ’ ಎಂದು ಬರೆಯುವುದು ಜಾಣತನ. ನನ್ನ ಅಭಿಪ್ರಾಯದಲ್ಲಿ ಸಣ್ಣ ಮೊತ್ತದ ದೂರುಗಳಲ್ಲಿ ಇದೊಂದೇ ಬದಲಾವಣೆ ಅರ್ಧ ದಾರಿ ಸುಗಮ ಮಾಡುತ್ತದೆ.

ಮೂರನೇ ಸಾಲಿಗೆ ಹೆದರಬೇಕಿಲ್ಲ. ಮಧ್ಯಸ್ಥಿಕೆಯ ಷರತ್ತು ಇದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ ಹೇಳಿದೆ. 2019ರ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ದೆಹಲಿ ಎಂದು ಬರೆದಿದ್ದರೂ ದಾವಣಗೆರೆಯಲ್ಲೇ ಆಗುತ್ತದೆ. ಕಟ್ಟಿದ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ದೂರನ್ನು ತೊಂದರೆ ಆದ ಎರಡು ವರ್ಷದೊಳಗೆ ಕೊಡಬೇಕು. ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದಾಖಲಿಸುವುದು ಒಳ್ಳೆಯದು, ಎಷ್ಟೋ ಪ್ರಕರಣಗಳು ಅಲ್ಲೇ ಮುಗಿಯುತ್ತವೆ.

ಹಂತ 4: ‘ಷರತ್ತು ಬದಲಾಗಿದೆ’ ಎಂಬ ಸಂದೇಶ ಬಂದಾಗ

2021ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ಬಳಸುವ ಎಲ್ಲರಿಗೂ ಒಂದು ಸೂಚನೆ ಬಂದದ್ದು ನೆನಪಿರಬಹುದು. ಹೊಸ ಗೋಪ್ಯತಾ ನೀತಿಗೆ ಒಪ್ಪಿ, ಇಲ್ಲದಿದ್ದರೆ ಸೇವೆ ಸಿಗದು ಎಂಬ ಅರ್ಥದ ಸೂಚನೆ ಅದು. ಜನರ ವಿರೋಧ ನೋಡಿ ಫೆಬ್ರವರಿಯ ಗಡುವನ್ನು ಮೇ ತಿಂಗಳಿಗೆ ಮುಂದೂಡಿದರು. ಇಲ್ಲಿ ಬಟನ್ ಇತ್ತು, ಸೂಚನೆ ಕಣ್ಣಿಗೆ ಹೊಡೆಯುವಂತಿತ್ತು. ಹಂತ 1ರ ಪರೀಕ್ಷೆಯಲ್ಲಿ ಅದು ಪಾಸ್. ಆದರೂ ವಿಷಯ ಅಲ್ಲಿಗೆ ಮುಗಿಯಲಿಲ್ಲ.

ಊರಿಗೆಲ್ಲ ಅದೇ ಆ್ಯಪ್ ಆಗಿರುವಾಗ ‘ಒಪ್ಪು ಇಲ್ಲವೇ ಹೋಗು’ ಎನ್ನುವುದು ಮಾರುಕಟ್ಟೆಯ ಬಲದ ದುರುಪಯೋಗ ಎಂದು ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಹೇಳಿತು. ವಾಟ್ಸ್‌ಆ್ಯಪ್‌ನ ಒಡೆತನ ಹೊಂದಿರುವ ಮೆಟಾಕ್ಕೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಮೆಟಾದ ಬೇರೆ ಕಂಪನಿಗಳ ಜೊತೆ ಜಾಹೀರಾತಿಗಾಗಿ ಮಾಹಿತಿ ಹಂಚುವುದನ್ನು ಐದು ವರ್ಷ ನಿಲ್ಲಿಸಬೇಕು ಎಂದೂ ಹೇಳಿತ್ತು. 2025ರ ನವೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ಐದು ವರ್ಷದ ನಿಷೇಧ ತೆಗೆದು, ದಂಡವನ್ನು ಉಳಿಸಿತು. ನಾವು ಒತ್ತಿದ ಬಟನ್ ಕರಾರು ಕಾಯ್ದೆಯಲ್ಲಿ ಸರಿಯಿದ್ದರೂ ಬೇರೆ ಕಾಯ್ದೆಯಲ್ಲಿ ಸೋಲಬಹುದು ಎಂಬುದಕ್ಕೆ ಇದು ಸಾಕ್ಷಿ.

ಯಾವುದೇ ಆ್ಯಪ್‌ನಿಂದ ಇಂಥ ಸೂಚನೆ ಬಂದರೆ ಹೀಗೆ ಮಾಡಿ. ಒತ್ತುವ ಮೊದಲು ಪರದೆಯ ಚಿತ್ರ ತೆಗೆದುಕೊಳ್ಳಿ. ಹಳೆಯ ಷರತ್ತಿನ ಪುಟ ಇನ್ನೂ ಸಿಕ್ಕರೆ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಒಪ್ಪದೆ ಹೊರಬರಲು ದಾರಿ ಕೊಟ್ಟಿದ್ದಾರಾ ನೋಡಿ. ಹಣ ಕಟ್ಟಿದ ಸೇವೆಯಾದರೆ, ಬದಲಾವಣೆ ಒಪ್ಪುವುದಿಲ್ಲ ಎಂದು ಇಮೇಲ್ ಮಾಡಿ, ಉಳಿದ ಅವಧಿಯ ಹಣ ಕೇಳಿ. ‘ಬಳಕೆ ಮುಂದುವರಿಸಿದರೆ ಒಪ್ಪಿದಂತೆ’ ಎಂಬ ಮಾತಿಗೆ ಬಲ ಬರುವುದು ನಿಮಗೆ ಸ್ಪಷ್ಟವಾಗಿ ತಿಳಿಸಿ, ಯೋಚಿಸಲು ಸಮಯ ಕೊಟ್ಟಾಗ. ಸದ್ದಿಲ್ಲದೆ ಪುಟ ಬದಲಿಸಿದರೆ ಆ ಬಲ ಇಲ್ಲ.

ನಿಮ್ಮ ವೈಯಕ್ತಿಕ ಮಾಹಿತಿ ಬಳಸುವ ಒಪ್ಪಿಗೆಗೆ ಮುಂದೆ ಇನ್ನೂ ಬಿಗಿ ನಿಯಮ ಬರಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ ಕಂಪನಿ ಒಪ್ಪಿಗೆಯ ಕೋರಿಕೆಯನ್ನು ಕನ್ನಡದಲ್ಲೂ ಓದುವ ಆಯ್ಕೆ ಕೊಡಬೇಕು. ಕೊಟ್ಟ ಒಪ್ಪಿಗೆ ವಾಪಸ್ ಪಡೆಯುವುದು ಕೊಟ್ಟಷ್ಟೇ ಸುಲಭ ಇರಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಭಾಗ ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳು ಇಟ್ಟಿದ್ದಾರೆ.

ಹಂತ 5: ಚಾಟ್‌ನಲ್ಲಿ ಕರಾರು ಎಲ್ಲಿ ಹುಟ್ಟಿತು ಎಂದು ಸಾಲು ಸಾಲಾಗಿ ಹುಡುಕಿ

ವ್ಯಾಪಾರ ಮಾಡುವವರಿಗೆ ಇದೇ ಮುಖ್ಯ ಹಂತ. ಇದೂ ಕಲ್ಪಿತ ಉದಾಹರಣೆ. ದರ ಲೆಕ್ಕಕ್ಕೆ ಸುಲಭವಾಗಲಿ ಎಂದು ಇಟ್ಟದ್ದು. ಹುಬ್ಬಳ್ಳಿಯ ಸಿಹಿತಿಂಡಿ ತಯಾರಕರೊಬ್ಬರು ತಿಪಟೂರಿನ ಕೊಬ್ಬರಿ ವ್ಯಾಪಾರಿಗೆ ಬರೆಯುತ್ತಾರೆ.

ಹುಬ್ಬಳ್ಳಿ: ‘ಉಂಡೆ ಕೊಬ್ಬರಿ 20 ಕ್ವಿಂಟಾಲ್ ಬೇಕಾಗೇದ್ರಿ. ರೇಟ್ ಎಷ್ಟ್ರಿ?’

ತಿಪಟೂರು: ‘ಕ್ವಿಂಟಾಲ್‌ಗೆ 15,000 ಸಾರ್. ಗುರುವಾರ ಲೋಡ್ ಮಾಡ್ತೀವಿ. ಲಾರಿ ಬಾಡಿಗೆ ನಿಮ್ದು.’

ಹುಬ್ಬಳ್ಳಿ: ‘ರೇಟ್ ಓಕೆ ರೀ. ಬಾಡಿಗೆ ನೀವ ಹಾಕ್ರಿ.’

ಎರಡು ನೀಲಿ ಟಿಕ್ ಬಿತ್ತು. ಮೂರು ತಾಸು ಉತ್ತರ ಇಲ್ಲ.

ತಿಪಟೂರು: ‘ಬಾಡಿಗೆ ಅರ್ಧ ಅರ್ಧ ಮಾಡೋಣ ಸಾರ್. ಮಿಕ್ಕಿದ್ದೆಲ್ಲಾ ಹೇಳ್ದಂಗೇ.’

ಹುಬ್ಬಳ್ಳಿಯವರು ಹೆಬ್ಬೆರಳಿನ ಇಮೋಜಿ ಕಳಿಸಿದರು.

ಮೊದಲ ಸಾಲು ಬರೀ ವಿಚಾರಣೆ. ಎರಡನೆಯದು ಪ್ರಸ್ತಾಪ: ಮಾಲು, ಪ್ರಮಾಣ, ದರ, ದಿನ ಎಲ್ಲ ಇದೆ. ಮೂರನೆಯದರಲ್ಲಿ ‘ಓಕೆ’ ಎಂಬ ಮಾತಿದೆ, ಆದರೂ ಒಪ್ಪಿಗೆ ಅಲ್ಲ. ಕರಾರು ಕಾಯ್ದೆಯ ಸೆಕ್ಷನ್ 7ರ ಪ್ರಕಾರ ಒಪ್ಪಿಗೆಗೆ ಬಾಲ ಇರಬಾರದು. ಬಾಡಿಗೆಯ ಬಾಲ ಬಂದ ಕೂಡಲೇ ಅದು ಹೊಸ ಪ್ರಸ್ತಾಪವಾಯಿತು. ನೀಲಿ ಟಿಕ್ ಹೇಳುವುದು ಸಂದೇಶ ತೆರೆಯಲಾಗಿದೆ ಎಂದಷ್ಟೇ. ಮೌನ ಒಪ್ಪಿಗೆಯಲ್ಲ. ತಿಪಟೂರಿನವರ ಎರಡನೇ ಮಾತು ಮತ್ತೊಂದು ಪ್ರಸ್ತಾಪ. ಅದಕ್ಕೆ ಬಂದ ಹೆಬ್ಬೆರಳು?

ಕೆನಡಾದ ಸಸ್ಕಾಚೆವಾನ್‌ನಲ್ಲಿ ಇದೇ ಪ್ರಶ್ನೆ ಬಂತು. ಅಗಸೆ ಬೀಜದ ಕರಾರಿನ ಫೋಟೊ ಕಳಿಸಿ ‘ಖಚಿತಪಡಿಸಿ’ ಎಂದಾಗ ರೈತ ಹೆಬ್ಬೆರಳು ಕಳಿಸಿದ್ದ. ಮಾಲು ಬರಲಿಲ್ಲ. ತಾನು ಹೇಳಿದ್ದು ‘ಸಂದೇಶ ಸಿಕ್ಕಿತು’ ಎಂದಷ್ಟೇ ಎಂದ. 2023ರಲ್ಲಿ ನ್ಯಾಯಾಲಯ ಅವರಿಬ್ಬರ ಹಿಂದಿನ ವ್ಯವಹಾರ ನೋಡಿತು. ಮೊದಲೂ ‘ಓಕೆ’, ‘ಸರಿ’ ಎಂದು ಬರೆದೇ ಅವನು ಕರಾರು ಒಪ್ಪಿ ಮಾಲು ಕಳಿಸಿದ್ದ. ಹಾಗಾಗಿ ಹೆಬ್ಬೆರಳು ಒಪ್ಪಿಗೆಯೇ ಎಂದು 82,000 ಕೆನಡಾ ಡಾಲರ್‌ಗೂ ಹೆಚ್ಚು ಪರಿಹಾರ ವಿಧಿಸಿತು. ಮೇಲ್ಮನವಿಯಲ್ಲೂ ಅದೇ ಉಳಿಯಿತು. ನಮ್ಮ ಉದಾಹರಣೆಯಲ್ಲೂ ನೋಡಬೇಕಾದ್ದು ಅದನ್ನೇ. ಈ ಇಬ್ಬರು ಹಿಂದೆ ಹೇಗೆ ವ್ಯವಹರಿಸಿದ್ದಾರೆ? ಹೆಬ್ಬೆರಳು ಬಂದ ಮೇಲೆ ಲೋಡ್ ಆಗಿದೆಯಾ, ಮುಂಗಡ ಬಂದಿದೆಯಾ?

ಇದ್ದರೆ ಕರಾರು ಆಗಿದೆ. ಬುಧವಾರ ದರ 15,800ಕ್ಕೆ ಏರಿತು ಎಂದು ತಿಪಟೂರಿನವರು ಸಂದೇಶ ಅಳಿಸಿಹಾಕಿದರೂ ಕರಾರು ಅಳಿಯುವುದಿಲ್ಲ. ಒಪ್ಪಿಗೆ ತಲುಪಿದ ಮೇಲೆ ಪ್ರಸ್ತಾಪ ಹಿಂತೆಗೆಯಲು ಬರುವುದಿಲ್ಲ. ಗುರುವಾರವೂ ದರ ಅಷ್ಟೇ ಇದ್ದು ಮಾಲು ಕೊಡದಿದ್ದರೆ ಹುಬ್ಬಳ್ಳಿಯವರು ಕೇಳಬಹುದಾದ ನಷ್ಟ ಎರಡು ದರಗಳ ವ್ಯತ್ಯಾಸ: ಕ್ವಿಂಟಾಲ್‌ಗೆ 800ರಂತೆ 16,000 ರೂಪಾಯಿ. ದೊಡ್ಡ ಕನಸಿನ ಲಾಭವನ್ನೆಲ್ಲ ಕೇಳಲಾಗದು. ಇದು ವ್ಯಾಪಾರಿಗಳ ನಡುವಿನ ಜಗಳ, ಆದ್ದರಿಂದ ಸಾಮಾನ್ಯವಾಗಿ ಗ್ರಾಹಕ ಆಯೋಗ ಅಲ್ಲ, ಸಿವಿಲ್ ನ್ಯಾಯಾಲಯ.

‘ಕಾಗದ ಆಗಿರಲಿಲ್ಲವಲ್ಲ’ ಎಂಬ ವಾದ ಜಾಸ್ತಿ ನಿಲ್ಲುವುದಿಲ್ಲ. ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯೂಮಿನಿಯಂ ನಡುವೆ ಬಾಕ್ಸೈಟ್‌ನ ಐದು ಹಡಗು ಸರಕಿನ ಮಾತು ಇಮೇಲ್‌ನಲ್ಲೇ ಮುಗಿದಿತ್ತು. ಮುಖ್ಯ ಅಂಶಗಳೆಲ್ಲ ಒಪ್ಪಿಗೆಯಾದ ಮೇಲೆ ಔಪಚಾರಿಕ ಪತ್ರ ಆಗಿಲ್ಲ ಎಂಬುದು ದೊಡ್ಡದಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಹಾಗಾಗಿ ಬರೀ ಮಾತುಕತೆ ಹಂತದಲ್ಲಿದ್ದೀರಿ ಎಂದಾದರೆ ಚಾಟ್‌ನ ಮೊದಲಲ್ಲೇ ಬರೆದುಬಿಡಿ: ‘ಇದು ಮಾತುಕತೆ ಮಾತ್ರ. ಬರಹದ ಕರಾರಿಗೆ ಇಬ್ಬರೂ ಸಹಿ ಹಾಕಿದ ಮೇಲೆಯೇ ವ್ಯವಹಾರ ಪಕ್ಕಾ.’ ಸಂದೇಶ ನೋಡಿದೆ ಎಂದಷ್ಟೇ ತಿಳಿಸಬೇಕಿದ್ದರೆ ಹೆಬ್ಬೆರಳು ಬೇಡ, ‘ನೋಡಿದೆ, ಯೋಚಿಸಿ ಹೇಳ್ತೀನಿ’ ಎಂದು ಬರೆಯಿರಿ.

ಹಂತ 6: ಸಾಕ್ಷ್ಯವನ್ನು ಜಗಳ ಶುರುವಾಗುವ ಮೊದಲೇ ಕಾಪಾಡಿ

2020ರಲ್ಲಿ ಅಂಬಾಲಾಲ್ ಸಾರಾಭಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕರಾರು ಆಗಿದೆಯೇ ಎಂದು ತಿಳಿಯಲು ಇಮೇಲ್ ಮತ್ತು ವಾಟ್ಸ್‌ಆ್ಯಪ್ ಸಂದೇಶಗಳನ್ನು ಒಟ್ಟಿಗೆ ಓದಬೇಕು, ಅವುಗಳ ಅರ್ಥವನ್ನು ವಿಚಾರಣೆಯಲ್ಲಿ ಸಾಬೀತು ಮಾಡಬೇಕು ಎಂದಿತು. ಬೇಕಾದ ಸಾಲಿನ ಚಿತ್ರ ಮಾತ್ರ ಕತ್ತರಿಸಿ ತಂದರೆ ಸಾಲದು. ಹಿಂದುಮುಂದಿನ ಮಾತೂ ಬೇಕು.

ಮೊದಲು ಆ ಚಾಟ್‌ನಲ್ಲಿ ತಾನಾಗಿ ಅಳಿಯುವ ಸಂದೇಶಗಳ ಆಯ್ಕೆ ಆಫ್ ಇದೆಯಾ ನೋಡಿ. ಮೂರು ಚುಕ್ಕಿಯ ಮೆನುವಿನಲ್ಲಿ More, ಆಮೇಲೆ Export chat ಒತ್ತಿ, ಪೂರ್ತಿ ಚಾಟ್ ಅನ್ನು ನಿಮ್ಮದೇ ಇಮೇಲ್‌ಗೆ ಕಳಿಸಿಕೊಳ್ಳಿ. ಹಾಗೆ ಬರುವ ಪಠ್ಯವನ್ನು ಯಾರು ಬೇಕಾದರೂ ತಿದ್ದಬಹುದು, ಆದ್ದರಿಂದ ಎದುರಿನವರ ನಂಬರ್ ಕಾಣುವಂತೆ ಪರದೆಯ ಚಿತ್ರಗಳೂ ಇರಲಿ. ಸಂದೇಶದ ಮೇಲೆ ರಿಯಾಕ್ಷನ್ ಆಗಿ ಒತ್ತಿದ ಹೆಬ್ಬೆರಳನ್ನು ಒತ್ತಿದವರು ಯಾವಾಗ ಬೇಕಾದರೂ ತೆಗೆಯಬಹುದು, ಅದರ ಚಿತ್ರವನ್ನು ಕೂಡಲೇ ತೆಗೆದುಕೊಳ್ಳಿ. ಕ್ಲಿಕ್ ಮಾಡಿದ ಷರತ್ತುಗಳಾದರೆ, ಖರೀದಿಯ ದಿನದ ಷರತ್ತಿನ ಪುಟ, ಬಿಲ್, ಬಂದ ಇಮೇಲ್ ಮೂರನ್ನೂ ಒಂದೇ ಕಡೆ ಇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಆ ಫೋನ್. ಅದನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ಡಿಜಿಟಲ್ ದಾಖಲೆಯ ಪ್ರತಿಯ ಜೊತೆ ಎರಡು ಭಾಗದ ಪ್ರಮಾಣಪತ್ರ ಬೇಕು. ಒಂದು ಭಾಗ ದಾಖಲೆ ಕೊಡುವವರದ್ದು, ಇನ್ನೊಂದು ತಜ್ಞರದ್ದು. ದಾಖಲೆ ಬದಲಾಗಿಲ್ಲ ಎಂದು ತೋರಿಸುವ ಹ್ಯಾಶ್ ಮೌಲ್ಯವನ್ನೂ ಅದರಲ್ಲಿ ಬರೆಯಬೇಕು. ವಕೀಲರ ಬಳಿ ಹೋಗುವಾಗ ಮುದ್ರಿಸಿದ ಹಾಳೆಗಳ ಜೊತೆ ಫೋನನ್ನೂ ಒಯ್ಯಿರಿ, ಈ ಪ್ರಮಾಣಪತ್ರ ಮೊದಲ ದಿನವೇ ತಯಾರಾಗಲಿ ಎಂದು ಕೇಳಿ.